ಕನ್ನಡ–ಇಂಗ್ಲಿಷ್ ಮೆನುವಿನಲ್ಲಿ ಒಂದೊಂದು ಐಟಂಗೆ ಏನು ಬರೆಯೋದು?

ಪ್ರಶ್ನೆ: ಉಡುಪಿ ಹತ್ತಿರ 30 ಸೀಟಿನ ಮೀನೂಟದ ಹೋಟೆಲ್ ಮಾಡಿದ್ದೇವೆ. ಊರವರೂ ಬರ್ತಾರೆ, ಟೂರಿಸ್ಟ್‌ಗಳೂ ಬರ್ತಾರೆ. ಮೆನು ಎರಡು ಭಾಷೆಯಲ್ಲಿ ಮಾಡಿಸಬೇಕು. ಪ್ರತಿ ಐಟಂ ಕೆಳಗೆ ಏನು ಬರೆಯಬೇಕು, ಎಷ್ಟು ಬರೆಯಬೇಕು?

ಮಲ್ಪೆ ಕಡೆ ಇಂಥದ್ದೇ ಒಂದು ಹೋಟೆಲನ್ನು ಕೆಲವು ವರ್ಷ ನಡೆಸಿದವನು ನಾನು. ಮೊದಲ ಮೆನುವನ್ನು ಪ್ರಿಂಟಿಂಗ್ ಪ್ರೆಸ್‌ನವರ ಕೈಯಲ್ಲೇ ಬರೆಸಿ ಚೆನ್ನಾಗಿ ಪೆಟ್ಟು ತಿಂದೆ. ಕೋರಿ ರೊಟ್ಟಿಗೆ ಇಂಗ್ಲಿಷಿನಲ್ಲಿ 'ಚಿಕನ್ ವಿತ್ ರೋಟಿ' ಅಂತ ಹಾಕಿದ್ದರು. ದೆಹಲಿ ಕಡೆಯ ಒಂದು ಕುಟುಂಬ ಆರ್ಡರ್ ಮಾಡಿತು, ಹಪ್ಪಳದ ಹಾಗೆ ಕಟಕಟ ಅನ್ನುವ ರೊಟ್ಟಿ ತಟ್ಟೆಗೆ ಬಂತು. ಹಳಸಿದ ರೋಟಿ ಕೊಟ್ಟಿದ್ದೀರಿ ಅಂತ ಜಗಳ. ತಪ್ಪು ಅವರದ್ದಲ್ಲ, ನಾವು ಬರೆದದ್ದೇ ಹಾಗಿತ್ತು.

ಆಮೇಲೆ ನಾನು ಮಾಡಿದ್ದು ಇಷ್ಟೇ. ಒಂದು ವಾರ ಸಪ್ಲೈಯರ್ ಹುಡುಗರ ಕೈಗೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು, ಗಿರಾಕಿ ಏನು ಕೇಳಿದರೂ ಐಟಂ ಹೆಸರಿನ ಮುಂದೆ ಬರೆದುಕೊಳ್ಳಿ ಅಂದೆ. ವಾರದ ಕೊನೆಗೆ ನೋಡಿದರೆ ತಿರುಗಿ ತಿರುಗಿ ಅವೇ ಪ್ರಶ್ನೆಗಳು. ಖಾರ ಎಷ್ಟು? ಮುಳ್ಳು ಜಾಸ್ತಿನಾ? ಎಷ್ಟು ಪೀಸ್ ಬರುತ್ತೆ? ಇದರ ಜೊತೆ ಅನ್ನ ಬರುತ್ತಾ, ಬೇರೆ ಹೇಳಬೇಕಾ? 'ರುಚಿಯಾಗಿದೆಯಾ' ಅಂತ ಒಬ್ಬರೂ ಕೇಳಿರಲಿಲ್ಲ, ನಮ್ಮ ಹಳೆ ಮೆನುವಿನಲ್ಲಿ ಮಾತ್ರ ಪ್ರತಿ ಸಾಲಿನಲ್ಲೂ 'ರುಚಿಕರ', 'ಸ್ವಾದಿಷ್ಟ', 'ಸ್ಪೆಷಲ್' ತುಂಬಿತ್ತು. ನೀವೂ ಮೊದಲು ಈ ನೋಟ್‌ಬುಕ್ ಕೆಲಸ ಮಾಡಿ. ಯಾವ ಐಟಂಗೆ ಯಾವ ಪ್ರಶ್ನೆ ಜಾಸ್ತಿ ಬಂತೋ, ಅದರ ಉತ್ತರವೇ ಅದರ ವಿವರಣೆ. ಪ್ರಶ್ನೆಯೇ ಬರದ ಐಟಂಗೆ, ಉದಾಹರಣೆಗೆ ಮೊಸರನ್ನಕ್ಕೆ, ಏನೂ ಬರೆಯಬೇಡಿ.

ಕೋರಿ ರೊಟ್ಟಿಯನ್ನೇ ತಗೊಳ್ಳಿ. ಕೊನೆಗೆ ಕನ್ನಡದಲ್ಲಿ ನಾವು ಹಾಕಿದ್ದು ಹೀಗೆ:

ಕೋರಿ ರೊಟ್ಟಿ – ಅಕ್ಕಿಯ ಒಣ ಗರಿಗರಿ ರೊಟ್ಟಿ, ಮೇಲೆ ಸುರಿದುಕೊಳ್ಳಲು ಬಿಸಿ ಕೋಳಿ ಗಸಿ. ಮೂಳೆ ಇರುವ 4 ತುಂಡು. ಖಾರ ಮಧ್ಯಮ.

ಇಂಗ್ಲಿಷಿನದ್ದನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ:

ಕೋರಿ ರೊಟ್ಟಿ – ಕ್ರಿಸ್ಪ್, ಡ್ರೈ ರೈಸ್ ವೇಫರ್ಸ್. ಪೋರ್ ದ ಹಾಟ್ ಕೋಕನಟ್ ಚಿಕನ್ ಕರಿ ಓವರ್ ದೆಮ್ ಅಂಡ್ ಲೆಟ್ ದೆಮ್ ಸಾಫ್ಟನ್. 4 ಪೀಸಸ್, ಆನ್ ದ ಬೋನ್. ಮೀಡಿಯಂ ಹಾಟ್.

ಎರಡನ್ನೂ ಹೋಲಿಸಿ ನೋಡಿ. ಒಂದು ಇನ್ನೊಂದರ ಅನುವಾದ ಅಲ್ಲ. 'ಗಸಿ' ಅಂದರೆ ತೆಂಗಿನಕಾಯಿ ಹಾಕಿದ ಸಾರು ಅಂತ ನಮ್ಮಲ್ಲಿಗೆ ಬರುವ ಕನ್ನಡದವರಲ್ಲಿ ಹೆಚ್ಚಿನವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ, ಅದಕ್ಕೆ ಅಲ್ಲಿ ತೆಂಗಿನಕಾಯಿಯ ಮಾತು ಬಂತು. ಹೇಗೆ ತಿನ್ನಬೇಕು ಅನ್ನೋದೂ ಇಂಗ್ಲಿಷಿನಲ್ಲೇ ಜಾಸ್ತಿ ಇದೆ. ಹಾಗಂತ ಕನ್ನಡ ಓದುವವರೆಲ್ಲ ಕರಾವಳಿಯವರು ಅಂದುಕೊಳ್ಳಬೇಡಿ. ಹುಬ್ಬಳ್ಳಿಯವರಿಗೆ ರೊಟ್ಟಿ ಅಂದರೆ ಜೋಳದ ರೊಟ್ಟಿ, ಮೈಸೂರಿನವರಿಗೆ ಅಕ್ಕಿ ರೊಟ್ಟಿ. 'ಒಣ', 'ಗರಿಗರಿ' ಎರಡೂ ಕನ್ನಡದಲ್ಲಿ ಇರಲೇಬೇಕಾಗಿದ್ದು ಅದಕ್ಕೇ. ಹೇಳುವ ರೀತಿ ಬೇರೆ ಇರಲಿ, ಆದರೆ ಸಂಗತಿ ಬದಲಾಗಬಾರದು. ತುಂಡು, ಮೂಳೆ, ಖಾರ, ದರ ಎರಡೂ ಕಡೆ ಒಂದೇ ಇರಬೇಕು. ನಮ್ಮಲ್ಲಿ ಒಮ್ಮೆ ಕನ್ನಡದಲ್ಲಿ 4 ತುಂಡು, ಇಂಗ್ಲಿಷಿನಲ್ಲಿ 3 ಅಂತ ಉಳಿದುಬಿಟ್ಟಿತ್ತು. ಎರಡೂ ಓದಬಲ್ಲ ಗಿರಾಕಿಯೇ ಅದನ್ನು ಹಿಡಿದದ್ದು!

ಹೆಸರನ್ನು ಮಾತ್ರ ಅನುವಾದ ಮಾಡಬೇಡಿ. ಬಂಗುಡೆ ಪುಳಿಮುಂಚಿಯನ್ನು 'ಸವರ್ ಚಿಲ್ಲಿ ಮ್ಯಾಕರೆಲ್' ಅಂತ ಹಾಕಿದರೆ ಗಿರಾಕಿ ಆ ಹೆಸರು ಹೇಳುತ್ತಾನೆ, ಸಪ್ಲೈಯರ್‌ಗೆ ಅರ್ಥ ಆಗುವುದಿಲ್ಲ, ಅಡುಗೆಮನೆಗೆ ಬೇರೆಯದೇ ಚೀಟಿ ಹೋಗುತ್ತದೆ. ಹೆಸರು ಎರಡೂ ಕಡೆ ಬಂಗುಡೆ ಪುಳಿಮುಂಚಿ ಅಂತಲೇ ಇರಲಿ, ಇಂಗ್ಲಿಷ್ ಸ್ಪೆಲಿಂಗ್ ಬೋರ್ಡಿನಲ್ಲಿ, ಮೆನುವಿನಲ್ಲಿ, ಬಿಲ್ಲಿನಲ್ಲಿ ಒಂದೇ ಇರಲಿ. ಮೀನು ಯಾವುದು ಅಂತ ಕೆಳಗಿನ ಸಾಲಿನಲ್ಲಿ ಹೇಳಿ: ಬಂಗುಡೆಗೆ ಮ್ಯಾಕರೆಲ್, ಅಂಜಲ್‌ಗೆ ಸೀರ್ ಫಿಶ್ (ಉತ್ತರದವರಿಗಾಗಿ ಸುರ್ಮೈ ಅಂತಲೂ), ಕಾಣೆಗೆ ಲೇಡಿಫಿಶ್. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು ಅಂತ ತುಳು ಬಾರದ ಕನ್ನಡದವರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಕನ್ನಡದಲ್ಲಿ 'ಹುಣಸೆ ಹುಳಿ, ಕೆಂಪು ಮೆಣಸಿನ ದಪ್ಪ ಮಸಾಲೆ. ತುಂಬಾ ಖಾರ, ಮುಳ್ಳು ಇದೆ' ಅಂತ ಬರೆದೆವು. ಈ 'ಮುಳ್ಳು ಇದೆ' ಹಾಕಲು ನಮ್ಮ ಪಾರ್ಟ್‌ನರ್ ಒಪ್ಪಿರಲಿಲ್ಲ, ವ್ಯಾಪಾರ ಬಿದ್ದುಹೋಗುತ್ತೆ ಅಂದ. ಬೀಳಲಿಲ್ಲ. ಮುಳ್ಳಿಗೆ ಹೆದರುವವರು ಅಂಜಲ್ ತವಾ ಫ್ರೈ ಕಡೆ ಹೋದರು, ತಟ್ಟೆಯಲ್ಲಿ ಅರ್ಧ ಬಿಟ್ಟು ಹೋಗುವ ಬಂಗುಡೆ ಕಡಿಮೆಯಾಯಿತು.

ಬಾಯಲ್ಲಿ ನೀರೂರಿಸುವುದು ಹೇಗೆ ಅಂತೀರಾ? ಒಂದು ಐಟಂಗೆ ಒಂದು ಚಿಕ್ಕ ಮಾತು ಸಾಕು, ಅದು ನಾಲಿಗೆಗೋ ಮೂಗಿಗೋ ಕಿವಿಗೋ ತಾಗುವ ಮಾತು ಆಗಿರಲಿ. ನೀರುದೋಸೆಗೆ 'ತೆಳ್ಳಗೆ, ಮೆತ್ತಗೆ'. ಕಾಣೆ ಫ್ರೈಗೆ 'ರವೆಯ ಗರಿಗರಿ ಹೊದಿಕೆ, ಒಳಗೆ ಮೆತ್ತನೆ ಮೀನು'. ಘೀ ರೋಸ್ಟ್‌ಗೆ 'ತುಪ್ಪದಲ್ಲಿ ಹುರಿದ ಬ್ಯಾಡಗಿ ಮೆಣಸಿನ ಮಸಾಲೆ'. ಇಲ್ಲಿ ಬ್ಯಾಡಗಿ ಅಂತ ಹೇಳುವುದರಿಂದ ಇನ್ನೊಂದು ಉಪಯೋಗವೂ ಇದೆ: ಬಣ್ಣ ಕಡುಕೆಂಪು, ಖಾರ ಅಷ್ಟಿಲ್ಲ ಅಂತ ಗೊತ್ತಿರುವವರಿಗೆ ಧೈರ್ಯ ಬರುತ್ತದೆ. ಆದರೆ ನೀವು ನಿಜಕ್ಕೂ ಬ್ಯಾಡಗಿಯನ್ನೇ ಹಾಕುತ್ತಿದ್ದರೆ ಮಾತ್ರ ಬರೆಯಿರಿ, ದರ ಏರಿದಾಗ ಭಟ್ಟರು ಬೇರೆ ಮೆಣಸು ಬೆರೆಸುತ್ತಾರಾ ಅಂತ ಮೊದಲು ಕೇಳಿಕೊಳ್ಳಿ. ತುಪ್ಪದ ಬದಲು ಡಾಲ್ಡಾ ಹಾಕಿ ಘೀ ರೋಸ್ಟ್ ಅನ್ನುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

'ತಾಜಾ ಮೀನು' ಅನ್ನುವ ಮಾತನ್ನು ಮೆನುವಿನಲ್ಲಿ ಪ್ರಿಂಟ್ ಹಾಕಿಸಲೇಬೇಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಸಿಗುವುದು ನಾಡದೋಣಿಯ ಸ್ವಲ್ಪ ಮೀನು, ಇಲ್ಲವೇ ಐಸ್‌ನಲ್ಲಿಟ್ಟದ್ದು, ಹೊರಗಿನಿಂದ ಬಂದದ್ದು. ಮಳೆಗಾಲದಲ್ಲೂ ಅದೇ ಕಾರ್ಡ್ ಟೇಬಲ್ ಮೇಲೆ ಇದ್ದರೆ ನೀವು ದಿನಾ ಸುಳ್ಳು ಹೇಳಿದ ಹಾಗೆ. ನಾವು ಕಪ್ಪು ಹಲಗೆಯೊಂದನ್ನು ಬಾಗಿಲ ಹತ್ತಿರ ಇಟ್ಟು, ಇವತ್ತು ಯಾವ ಮೀನು, ಎಷ್ಟು ದರ ಅಂತ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು, ಎರಡು ಭಾಷೆಯಲ್ಲೂ. ಬರೀ 'ದಿನದ ದರ' ಅಂತ ಕಾರ್ಡಿನಲ್ಲಿದ್ದರೆ ಹೊರಗಿನವರು ಕೇಳಲು ನಾಚಿಕೆಪಟ್ಟು ಚಿಕನ್ ಆರ್ಡರ್ ಮಾಡಿಬಿಡುತ್ತಾರೆ.

ಇನ್ನೊಂದು ಮರೆಯಬೇಡಿ. ಪ್ರತಿ ಐಟಂಗೂ ವೆಜ್‌ನ ಹಸಿರು ಗುರುತು, ನಾನ್‌ವೆಜ್‌ನ ಕಂದು ತ್ರಿಕೋನ ಹಾಕಿ. ಗ್ರೇವಿಗೆ ಗೋಡಂಬಿ ರುಬ್ಬಿ ಹಾಕುತ್ತೀರಾ, ಸಿಗಡಿ ಇದೆಯಾ, ಮೊಟ್ಟೆ ಇದೆಯಾ ಅನ್ನೋದನ್ನು ಎರಡೂ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿ, ಅಲರ್ಜಿ ಇರುವವರಿಗೆ ಅದು ಪ್ರಾಣದ ವಿಷಯ. ಮೀನು ಕರಿದ ಎಣ್ಣೆಯಲ್ಲೇ ಬಜ್ಜಿ ಕರಿಯುತ್ತಿದ್ದರೆ ಅದನ್ನೂ ಬರೆಯಿರಿ, ಅಥವಾ ಬಾಣಲೆ ಬೇರೆ ಮಾಡಿ. ನಾವು ಬೇರೆ ಮಾಡಿದೆವು, ಬರೆಯುವುದಕ್ಕಿಂತ ಅದೇ ಸುಲಭ ಅನ್ನಿಸಿತು.

ಪ್ರಿಂಟ್‌ಗೆ ಕೊಡುವ ಮುಂಚೆ ಜೆರಾಕ್ಸ್ ಪ್ರತಿಯನ್ನು ನಿಮ್ಮ ಅಡುಗೆ ತಿಂದಿರದ ಇಬ್ಬರಿಗೆ ಕೊಡಿ, ಒಬ್ಬರು ಘಟ್ಟದ ಮೇಲಿನ ಕನ್ನಡದವರು, ಇನ್ನೊಬ್ಬರು ಕನ್ನಡ ಬಾರದವರು. ಐದು ಐಟಂ ತೋರಿಸಿ 'ತಟ್ಟೆಯಲ್ಲಿ ಏನು ಬರುತ್ತೆ ಹೇಳಿ' ಅಂತ ಕೇಳಿ. ಕೋರಿ ರೊಟ್ಟಿಗೆ ಇಬ್ಬರಲ್ಲಿ ಯಾರಾದರೂ ಚಪಾತಿ ಅಂದರೆ ಆ ಸಾಲನ್ನು ಮತ್ತೆ ಬರೆಯಿರಿ.