ನೋವು ಭುಜದಲ್ಲಿ, ತಡ ಕಾಲಲ್ಲಿ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಮೈಸೂರಿನ ಕಾಲೇಜು ಹುಡುಗಿ, ವಯಸ್ಸು 18, ವಾರಕ್ಕೆ ಐದು ದಿನ ಬ್ಯಾಡ್ಮಿಂಟನ್ ಆಡುತ್ತಾಳೆ. ತಾಯಿಯ ಜೊತೆ ಬಂದಿದ್ದಳು. "ಮೇಡಂ, ಸ್ಮ್ಯಾಶ್ ಹೊಡೆದಾಗ ಭುಜ ಚುಳ್ ಅನ್ನುತ್ತೆ. ಜಡೆ ಹಾಕ್ಕೊಳ್ಳೋಕೂ ಆಗಲ್ಲ" ಅಂದಳು. ಎರಡು ತಿಂಗಳ ನೋವು. ಪೆಟ್ಟು ಬಿದ್ದಿರಲಿಲ್ಲ, ಕೈ ಜೋಮು ಹಿಡಿಯುತ್ತಿರಲಿಲ್ಲ, ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ. ಇದರಲ್ಲಿ ಒಂದಿದ್ದರೂ, ಅಥವಾ ಕೈ ಎತ್ತಲು ಬಲವೇ ಇಲ್ಲದಿದ್ದರೂ, ಮೊದಲು ಮೂಳೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ಮೊಬೈಲಿನಲ್ಲಿ ಆಟದ ವಿಡಿಯೊ ತರಿಸಿ ನಿಧಾನವಾಗಿ ನೋಡಿದೆ. ನೆಟ್ ಹತ್ತಿರ ಬಲಗಾಲು ಚಾಚಿ ಲಂಜ್ ಮಾಡುತ್ತಾಳೆ, ಆದರೆ ಮಂಡಿ ಒಳಕ್ಕೆ ವಾಲುತ್ತದೆ, ಸೊಂಟ ಮುಂದಕ್ಕೆ ಬೀಳುತ್ತದೆ. ವಾಪಸ್ ಬರುವುದು ತಡ. ಅಷ್ಟರಲ್ಲಿ ಎದುರಾಳಿ ಶಟಲ್‌ಅನ್ನು ಹಿಂದಿನ ಗೆರೆಗೆ ಎತ್ತಿರುತ್ತಾಳೆ. ಇವಳು ಅದರ ಕೆಳಗೆ ತಲುಪುವ ಹೊತ್ತಿಗೆ ಶಟಲ್ ತಲೆಯ ಹಿಂದೆ ಹೋಗಿರುತ್ತದೆ. ಮೈ ತಿರುಗಿಸಲು ಸಮಯವಿಲ್ಲ, ಬರೀ ಕೈಯಿಂದ ಎಳೆದು ಹೊಡೆಯುತ್ತಾಳೆ.

"ದಿನಾ ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ, ಕಾಲು ಗಟ್ಟಿಯಾಗೇ ಇದೆ ಅಲ್ವಾ?" ಅಂತ ತಾಯಿ ಕೇಳಿದರು. ದಮ್ಮು ನಿಜವಾಗಿಯೂ ಚೆನ್ನಾಗಿದೆ. ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಮುಂದಕ್ಕೆ ತಳ್ಳುವುದನ್ನು ಕಲಿಸುತ್ತದೆ. ಇವಳಿಗೆ ಬೇಕಾದದ್ದು ಓಡಿಬಂದು ನಿಲ್ಲುವ, ನಿಂತಲ್ಲಿಂದ ಹಿಂದಕ್ಕೆ ಒದೆಯುವ ಬಲ.

ಮೊದಲ ಎರಡು ವಾರ ಸ್ಮ್ಯಾಶ್ ಬೇಡ ಅಂದೆ, ನೆಟ್ ಆಟಕ್ಕೆ ಅಡ್ಡಿಯಿಲ್ಲ. ಲಂಜ್‌ನಲ್ಲಿ ಹಿಮ್ಮಡಿ ಮೊದಲು ಊರಬೇಕು, ಮಂಡಿ ಪಾದದ ದಿಕ್ಕಿನಲ್ಲೇ ಇರಬೇಕು, ಎದೆ ಬಗ್ಗಬಾರದು. ಪ್ರತಿ ಕಾಲಿಗೆ 8ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಆಮೇಲೆ ಶಟಲ್ ಇಲ್ಲದೆ ಫುಟ್‌ವರ್ಕ್: ಮುಂದೆ ಲಂಜ್, ಮಧ್ಯಕ್ಕೆ ವಾಪಸ್, ಹಿಂದಿನ ಮೂಲೆ. 20 ಸೆಕೆಂಡ್ ಮಾಡಿ 40 ಸೆಕೆಂಡ್ ವಿಶ್ರಾಂತಿ, ಆರು ಸಲ. ಮಂಡಿ ಒಳಕ್ಕೆ ವಾಲಿದ ಕ್ಷಣ ನಿಲ್ಲಿಸಬೇಕು. ಸುಸ್ತಾದ ಮೇಲೆ ಮಾಡಿದರೆ ಹಳೆಯ ತಪ್ಪೇ ರೂಢಿಯಾಗುತ್ತದೆ.

ಭುಜಕ್ಕೆ ರೋಟೇಟರ್ ಕಫ್ ಕೆಲಸ. ತೋಳಿನ ಮೂಳೆಯ ಗುಂಡನ್ನು ಅದರ ಕುಳಿಯಲ್ಲಿ ಹಿಡಿದಿಡುವ ನಾಲ್ಕು ಸಣ್ಣ ಸ್ನಾಯುಗಳಿವು. ಹೊಡೆತ ಮುಗಿದ ಮೇಲೆ ಕೈಗೆ ಬ್ರೇಕ್ ಹಾಕುವುದು ಹಿಂಬದಿಯವು. ಸುತ್ತಿದ ಟವಲನ್ನು ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟು, ಕಿಟಕಿ ಸರಳಿಗೆ ಕಟ್ಟಿದ ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯಬೇಕು. ವಾಪಸ್ ಬಿಡುವಾಗ ಮನಸ್ಸಲ್ಲೇ ಮೂರು ಎಣಿಸಬೇಕು, ಬ್ರೇಕ್ ಹಾಕುವ ಅಭ್ಯಾಸ ಆಗುವುದು ಅಲ್ಲೇ. 15ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಟವಲ್ ಜಾರಿಬಿದ್ದರೆ ಬ್ಯಾಂಡ್ ಜಾಸ್ತಿ ಬಿಗಿ ಅಂತ ಅರ್ಥ. ಆಟದ ಮುಂಚೆ ಮಾತ್ರ ಇಷ್ಟೆಲ್ಲ ಬೇಡ, ದಣಿದ ಭುಜದಿಂದ ಸ್ಮ್ಯಾಶ್ ಹೊಡೆಯಬಾರದು.

ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಅವಳೇ ಬರೆದಿಡಬೇಕಿತ್ತು. ಮೂರರೊಳಗಿದ್ದು ಮಾರನೇ ಬೆಳಗ್ಗೆ ಇಳಿದಿದ್ದರೆ ಮುಂದುವರಿಸಬಹುದು, ಏರಿದ್ದರೆ ಕಡಿಮೆ ಮಾಡಬೇಕು.

ಐದನೇ ವಾರ ಜಡೆ ತಾನೇ ಹಾಕಿಕೊಂಡು ಬಂದಳು. ಎಂಟನೇ ವಾರದ ವಿಡಿಯೊದಲ್ಲಿ ಶಟಲ್ ತಲೆಯ ಮುಂದೆಯೇ ಸಿಗುತ್ತಿತ್ತು. ಸತತ ಎರಡು ದಿನ ಮ್ಯಾಚ್ ಆದರೆ ಈಗಲೂ ಭುಜ ಭಾರವೆನಿಸುತ್ತದಂತೆ. ಹಾಗಾಗಿ ಪ್ರಾಕ್ಟೀಸಿನಲ್ಲಿ ಪೂರ್ತಿ ಜೋರಿನ ಸ್ಮ್ಯಾಶ್ ಸದ್ಯಕ್ಕೆ 20ಕ್ಕೆ ನಿಲ್ಲಿಸು ಎಂದಿದ್ದೇನೆ.