“ಗಿರಣಿ ನಿಲ್ತದ್ರಿ ಮೇಡಂ”: ಹದಿನೈದರ ಹುಡುಗಿ, ಒಂದು ಆಣೆ, ಅಪ್ಪನ ಮೌನ

ಹುಡುಗಿಯನ್ನು ಇಲ್ಲಿ ಸುಮಾ ಅಂತ ಕರೆಯುತ್ತೇನೆ. ಹೆಸರು, ಮನೆಯವರ ಕಸುಬು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗದಗ ಕಡೆಯ ಕುಟುಂಬ. ಅವಳು ಹತ್ತನೇ ಕ್ಲಾಸು, ವಯಸ್ಸು ಹದಿನೈದು.

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಮೊದಲು ಬಂದದ್ದು ತಾಯಿ ಒಬ್ಬರೇ. ಪಂಚಮಿ ಮುಂದೆ ಓಣಿಗೆ ಬಳೆಗಾರ ಬಂದಿದ್ದ. ಬಳೆ ಅಂದ್ರೆ ಪ್ರಾಣ ಬಿಡುವ ಹುಡುಗಿ ಅವತ್ತು ಕೈ ಕೊಡಲೇ ಇಲ್ಲ. ತಾಯಿ ಒಳಗೆ ಕರೆದುಕೊಂಡು ಹೋಗಿ ನೋಡಿದಾಗ ಗಾಯದ ಗುರುತುಗಳು, ಹಳೆಯವು, ಹೊಸವು. ತಾನೇ ಮಾಡಿಕೊಂಡದ್ದು ಅಂತ ಗೊತ್ತಾದ ಕೂಡಲೇ ಒಂದು ಏಟು ಹೊಡೆದರು, ಆಮೇಲೆ ಅವಳಿಗಿಂತ ಜಾಸ್ತಿ ತಾವೇ ಅತ್ತರು. ಕೊನೆಗೆ ಅವಳ ಕೈ ತಮ್ಮ ತಲೆ ಮೇಲೆ ಇಡಿಸಿಕೊಂಡು, “ಇನ್ನೊಮ್ಮೆ ಮಾಡಂಗಿಲ್ಲ ಅಂತ ಆಣಿ ಮಾಡು” ಅಂದರು. ಮಾಡಿದಳು. ಒಂಬತ್ತು ದಿನಕ್ಕೆ ಮತ್ತೆ ಅದೇ ಆಯಿತು.

“ಅವ್ವನ ಮ್ಯಾಲಿನ ಆಣಿಗೂ ಬೆಲಿ ಇಲ್ಲೇನ್ರಿ ಮೇಡಂ?” ಅಂತ ಆ ತಾಯಿ ಕೇಳಿದ್ದು ನನಗೆ ಇನ್ನೂ ನೆನಪಿದೆ. ಬೆಲೆ ಇತ್ತು, ತೊಂದರೆ ಆದದ್ದೇ ಅಲ್ಲಿ. ಒಳಗಿನ ಸಂಕಟ ಹಾಗೇ ಇತ್ತು. ಅದರ ಮೇಲೆ ಈಗ ಅವ್ವನಿಗೆ ಕೊಟ್ಟ ಮಾತು ಮುರಿದೆ ಅನ್ನುವ ಭಾರವೂ ಸೇರಿತು. ಹೇಳಿದರೆ ಆಣೆ ಮುರಿದದ್ದು ಗೊತ್ತಾಗುತ್ತದೆ ಅಂತ ಬಾಯಿ ಪೂರ್ತಿ ಮುಚ್ಚಿಕೊಂಡಳು. ಆದ್ದರಿಂದ ತಂದೆತಾಯಿಗೆ ನಾನು ಮೊದಲು ಹೇಳುವುದು ಇದನ್ನೇ: ಆಣೆ, ಪ್ರಮಾಣ ಮಾಡಿಸಬೇಡಿ. ಅದರಿಂದ ಗಾಯ ನಿಲ್ಲುವುದಿಲ್ಲ, ಹೇಳಿಕೊಳ್ಳುವುದು ನಿಲ್ಲುತ್ತದೆ.

ಎರಡನೇ ಸಲ ಸುಮಾ ಬಂದಳು. ಅವಳ ಜೊತೆ ಒಬ್ಬಳೇ ಕೂತು ಮೊದಲೇ ಹೇಳಿದೆ: ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅನಿಸಿದರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ. ಆಮೇಲೆ ನೇರವಾಗಿ ಕೇಳಿದೆ, ಸಾಯಬೇಕು ಅನ್ನುವ ವಿಚಾರ ಬರುತ್ತದಾ ಅಂತ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೋಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಮಕ್ಕಳಿಗೆ ಹಗುರ ಆಗುವುದೇ ಹೆಚ್ಚು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಯೋದಲ್ರಿ. ಆ ಸಪ್ಪಳ ನಿಂತ್ರ ಸಾಕು ಅನಿಸ್ತದ” ಅಂದಳು.

ಯಾವ ಸಪ್ಪಳ?

“ಓಣ್ಯಾಗ ಹಿಟ್ಟಿನ ಗಿರಣಿ ಐತ್ರಿ. ತಲಿಯೊಳಗ ಅದನ್ನ ಚಾಲೂ ಮಾಡಿ ಬಿಟ್ಟಂಗ ಆಗ್ತದ. ಹಂಗ ಮಾಡ್ಕೊಂಡ್ರ ಗಿರಣಿ ನಿಲ್ತದ್ರಿ ಮೇಡಂ.”

ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿದೆ. ಹತ್ತು ನಿಮಿಷ ಇರಬಹುದು ಅಂದಳು. ಆಮೇಲೆ? “ಆಮ್ಯಾಲ ನಾಚಿಕಿ ಬರ್ತದ. ಮತ್ತ ಗಿರಣಿ.”

ಈ ಪ್ರಕರಣದ ಗಂಟು ಇದೇ. ಈ ವಯಸ್ಸಿನ ಮಕ್ಕಳಲ್ಲಿ ಗಾಯ ಮಾಡಿಕೊಳ್ಳುವುದು ಏನೋ ಒಂದು ಕೆಲಸ ಮಾಡುತ್ತಿರುತ್ತದೆ. ಹೆಚ್ಚಿನವರಿಗೆ ತಡೆಯಲಾಗದ ಭಾವನೆಯನ್ನು ಸ್ವಲ್ಪ ಹೊತ್ತು ಇಳಿಸುತ್ತದೆ. ಕೆಲವರು ತಮ್ಮನ್ನು ತಾವೇ ಶಿಕ್ಷಿಸಿಕೊಳ್ಳುತ್ತಾರೆ. ಕೆಲವರಿಗೆ ಒಳಗೆಲ್ಲ ಜೋಮು ಹಿಡಿದ ಹಾಗೆ ಆಗಿರುತ್ತದೆ, ಏನಾದರೂ ಅನಿಸಲಿ ಅಂತ ಮಾಡಿಕೊಳ್ಳುತ್ತಾರೆ. ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಹೇಳುವವರೂ ಇದ್ದಾರೆ. ಹತ್ತು ನಿಮಿಷದ ಆ ನೆಮ್ಮದಿಯೇ ಅದನ್ನು ಚಟದ ಹಾಗೆ ಗಟ್ಟಿ ಮಾಡುತ್ತದೆ, ಹಿಂದೆ ಬರುವ ನಾಚಿಕೆ ಮುಂದಿನ ಸಂಕಟಕ್ಕೆ ದಾರಿ ಮಾಡುತ್ತದೆ. “ಎಲ್ಲರೂ ನೋಡ್ಲಿ ಅಂತ ಮಾಡ್ತಾಳ” ಅಂತ ಸುಮಾಳ ಸೋದರತ್ತೆ ಅಂದಿದ್ದರಂತೆ. ನಾಲ್ಕು ತಿಂಗಳು ಯಾರಿಗೂ ಕಾಣದ ಹಾಗೆ ಇಟ್ಟ ಹುಡುಗಿ ಅವಳು. ಆ ಮಾತು ನನಗೆ ಬಹಳ ನೋವು ಕೊಟ್ಟಿತು.

ಗಿರಣಿ ಯಾವಾಗ ಶುರುವಾಗುತ್ತದೆ ಅಂತ ಇಬ್ಬರೂ ಹುಡುಕಿದೆವು. ಹಿಂದಿನ ನಾಲ್ಕು ಸಲ ಏನಾಗಿತ್ತು, ಅದಕ್ಕೂ ಮುಂಚೆ ಏನು, ಆಮೇಲೆ ಏನು, ಎಲ್ಲ ಹಾಳೆ ಮೇಲೆ ಬರೆಸಿದೆ. ಮೂರು ಸಲ ಭಾನುವಾರ ರಾತ್ರಿ. ಟ್ಯೂಷನ್ ಟೆಸ್ಟಿನ ಮಾರ್ಕ್ಸು ಭಾನುವಾರ ಸಂಜೆ ಪಾಲಕರ ವಾಟ್ಸಾಪ್ ಗುಂಪಿಗೆ ಬೀಳುತ್ತಿತ್ತು. ತಾಯಿ ಇದೆಲ್ಲ ಮೊಬೈಲಿಂದಲೇ, ಯಾವುದೋ ಹುಡುಗನ ಸುದ್ದಿ ಇರಬೇಕು ಅಂತ ತಿಳಿದಿದ್ದರು. ಸುಮಾಗೆ ಮೊಬೈಲೇ ಇರಲಿಲ್ಲ.

ತಂದೆಯನ್ನು ಕರೆಸಿದೆ. ಎಪಿಎಂಸಿಯಲ್ಲಿ ವ್ಯಾಪಾರ, ಮೆತ್ತಗಿನ ಮನುಷ್ಯ. “ನಾ ಅಕಿಗೆ ಒಂದ್ ಮಾತು ಬೈದಿಲ್ರಿ” ಅಂದರು. ಅದು ನಿಜವೇ. ಮಾರ್ಕ್ಸು ಕಡಿಮೆ ಬಂದರೆ ಅವರು ಬೈಯುತ್ತಿರಲಿಲ್ಲ, ಎರಡು ಮೂರು ದಿನ ಅವಳ ಜೊತೆ ಮಾತೇ ಆಡುತ್ತಿರಲಿಲ್ಲ. ಸಿಟ್ಟಿನಲ್ಲಿ ಏನಾದರೂ ಅಂದುಬಿಟ್ಟೇನು ಅನ್ನುವ ಭಯ ಅವರಿಗೆ. ಮಗಳಿಗೆ ಆ ಮೌನ “ನೀ ನನ್ನ ಮಗಳಲ್ಲ” ಅಂದ ಹಾಗೆ ಕೇಳುತ್ತಿತ್ತು. ಅವರ ತಪ್ಪಿನಿಂದಲೇ ಹೀಗಾಯಿತು ಅಂತ ನಾನು ಹೇಳಲಿಲ್ಲ, ಹಾಗೆ ಇರಲೂ ಇಲ್ಲ. ಆದರೆ ಬದಲಿಸಲು ಸುಲಭವಾದ ಕೊಂಡಿ ಅದೇ ಆಗಿತ್ತು. ಮಾರ್ಕ್ಸು ಬಂದ ರಾತ್ರಿ ಹೇಳಲು ಒಂದೇ ಮಾತು ಗೊತ್ತು ಮಾಡಿದೆವು: “ಮಾರ್ಕ್ಸ್ ನೋಡೀನಿ. ನಾಳೆ ಮಾತಾಡೂಣು. ಈಗ ಊಟಕ್ಕ ಬಾ.” ಅಷ್ಟೇ ಸಾಕು.

ತಾಯಿಗೆ ಹೇಳಿದ್ದು ಸ್ವಲ್ಪ ಜಾಸ್ತಿ. ಮತ್ತೆ ಹೀಗಾದರೆ ಮೊದಲು ಗಾಯ ನೋಡಿ, ತೊಳೆದು ಪಟ್ಟಿ ಕಟ್ಟಿ. ದನಿ ತಗ್ಗಿಸಿ, ಕಡಿಮೆ ಮಾತಾಡಿ. “ಯಾಕ ಮಾಡ್ಕೊಂಡಿ” ಅಂತ ಆಗ ಕೇಳಬೇಡಿ, ಆ ಹೊತ್ತಿಗೆ ಅವಳಿಗೂ ಉತ್ತರ ಗೊತ್ತಿರುವುದಿಲ್ಲ. “ಬಹಳ ತ್ರಾಸ ಆಗಿರಬೇಕು ನಿನಗ, ನಾ ಇಲ್ಲೇ ಅದೀನಿ” ಅಂದು ಪಕ್ಕದಲ್ಲಿ ಕೂತರೆ ಸಾಕು. ನಿಮಗೆ ಅಳು ಬಂದರೆ ಆಮೇಲೆ ಗಂಡನ ಮುಂದೆ ಅಳಿ, ಇಲ್ಲಿಗೆ ಬಂದು ನನ್ನ ಮುಂದೆ ಅಳಿ. ತಾಯಿಯನ್ನು ಸಮಾಧಾನ ಮಾಡುವ ಕೆಲಸವೂ ಮಗಳ ಮೇಲೆ ಬೀಳಬಾರದು, ಅಲ್ವಾ? ದಿನಾ ಸಂಜೆ ಕೈ ಹಿಡಿದು ತಪಾಸಣೆ ಮಾಡುವುದನ್ನೂ ಬಿಡಿಸಿದೆ, ಅದರ ಬದಲು ವಾರಕ್ಕೊಮ್ಮೆ ಬಾಯಿಂದ ಕೇಳಲು ಹೇಳಿದೆ. ಗಾಯ ಇಲ್ಲದ ದಿನವೂ ಹತ್ತು ನಿಮಿಷ ಅವಳ ಜೊತೆ ಕೂರಬೇಕು, ಮಾರ್ಕ್ಸಿನ ಸುದ್ದಿ ಎತ್ತಬಾರದು.

ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳನ್ನು ಕೀಲಿ ಹಾಕಿ ಇಡಿಸಿದೆ. ಹೊಲಕ್ಕೆ ತಂದ ಕೀಟನಾಶಕದ ಡಬ್ಬಿಗಳು ಅವತ್ತೇ ಮನೆಯಿಂದ ಹೊರಗೆ ಹೋದವು. ಗಾಯ ಮಾಡಿಕೊಳ್ಳುವುದೂ ಸಾಯಲು ನೋಡುವುದೂ ಒಂದೇ ಅಲ್ಲ, ಆದರೆ ಹೀಗೆ ಮಾಡಿಕೊಳ್ಳುವ ಮಕ್ಕಳಿಗೆ ಮುಂದೆ ಆ ಅಪಾಯ ಹೆಚ್ಚು. ಗಾಯ ಆಳವಾಗಿದ್ದರೆ, ಏನಾದರೂ ನುಂಗಿದ್ದರೆ, ಸಾಯುವ ಮಾತಾಡಿದರೆ ಆಪ್ತಸಲಹೆಗೆ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಏನೂ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸುಮಾಳನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಕಳಿಸಿದೆ, ಖಿನ್ನತೆ ಇದೆಯಾ ಅಂತ ಮನೋವೈದ್ಯರೇ ನೋಡಬೇಕಿತ್ತು.

ಸುಮಾ ಜೊತೆ ಮಾಡಿದ್ದು, ಗಿರಣಿಯನ್ನು ಬೇಗ ಗುರುತಿಸುವ ಅಭ್ಯಾಸ. ಸೊನ್ನೆಯಿಂದ ಹತ್ತರ ಅಳತೆ. ಎಂಟಕ್ಕೆ ಹೋದ ಮೇಲೆ ಯಾವ ಉಪಾಯವೂ ತಲೆಗೆ ಹೊಳೆಯುವುದಿಲ್ಲ, ನಾಲ್ಕಕ್ಕೇ ಎದ್ದು ರೂಮಿನಿಂದ ಹೊರಗೆ ಬರಬೇಕು. ಎಲ್ಲಿಗೆ ಅಂತ ಕೇಳಿದಾಗ “ಅವ್ವನ ಹತ್ರ, ರೊಟ್ಟಿ ಬಡಿಯೂ ಕಡೆ” ಅಂತ ಅವಳೇ ಹೇಳಿದಳು. ಬಂದು “ಗಿರಣಿ” ಅಂತಷ್ಟೇ ಅನ್ನುವುದು. ತಾಯಿ ಏನೂ ಕೇಳದೆ ಹಿಟ್ಟಿನ ಮುದ್ದೆ ಅವಳ ಮುಂದೆ ಸರಿಸುವುದು. ಆ ಒತ್ತಡ ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಅಷ್ಟು ಹೊತ್ತು ಒಬ್ಬಳೇ ಇರದಿದ್ದರೆ ಆಯಿತು.

ಎರಡನೇ ತಿಂಗಳಲ್ಲಿ ಒಮ್ಮೆ ಹಿಡಿತ ತಪ್ಪಿ ಮತ್ತೆ ಗಾಯ ಮಾಡಿಕೊಂಡಳು. ಆ ರಾತ್ರಿ ಸುಮಾ ತಾನೇ ಹೋಗಿ ಅವ್ವನನ್ನು ಎಬ್ಬಿಸಿದಳು. ಪಟ್ಟಿ ಕಟ್ಟುವಾಗ ತಮ್ಮ ಕೈ ನಡುಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ ಅಂತ ತಾಯಿ ಹೇಳಿದರು. ಬೆಳಿಗ್ಗೆ ಅಪ್ಪ ಅವಳಿಗೆ ಚಹಾ ತಂದು ಕೊಟ್ಟರಂತೆ.

ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಸಾಯುವ ವಿಚಾರದ ಪ್ರಶ್ನೆಯನ್ನು ಪ್ರತಿ ಸಲವೂ ಕೇಳುತ್ತೇನೆ. ಹೋದ ಸಲ ನಾನು ಬಾಯಿ ತೆಗೆಯುವ ಮೊದಲೇ, “ಅದು ಇಲ್ರಿ ಮೇಡಂ. ಗಿರಣಿ ಈ ವಾರ ಐದಕ್ಕ ಹೋಗಿತ್ತು, ನಾಕು ರೊಟ್ಟಿ ಬಡದೆ” ಅಂದಳು.