ಚೂಪು ಟಿ ವೇವ್ ಹುಡುಕುತ್ತಾ ಕೂತವನ ಉತ್ತರ

ಪ್ರಶ್ನೆ: ಪೊಟ್ಯಾಸಿಯಂ ಜಾಸ್ತಿ ಆದ್ರೆ ಚೂಪು ಟಿ ವೇವ್, ಕಡಿಮೆ ಆದ್ರೆ ಯು ವೇವ್, ಕ್ಯಾಲ್ಸಿಯಂ ಕಡಿಮೆ ಆದ್ರೆ ಉದ್ದ ಕ್ಯೂಟಿ... ಈ ಪಟ್ಟಿ ಎಷ್ಟು ಓದಿದ್ರೂ ತಲೇಲಿ ನಿಲ್ತಿಲ್ಲ. ಬಾಯಿಪಾಠ ಮಾಡೋಕೆ ಸುಲಭ ದಾರಿ ಇದ್ಯಾ?

ನನ್ನ ತಲೆಯಲ್ಲಿ ಚೆನ್ನಾಗಿಯೇ ನಿಂತಿತ್ತು. ತೊಂದರೆ ಆಗಿದ್ದೇ ಅದರಿಂದ.

ಬೆಂಗಳೂರಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಿ ಮೂರು ತಿಂಗಳಾಗಿತ್ತು. ಹೊಸತೊಡಕಿನ ರಾತ್ರಿ, ಹನ್ನೊಂದೂವರೆ. 58 ವರ್ಷದ ಒಬ್ಬರನ್ನು ಆಟೋದಲ್ಲಿ ಕರೆತಂದರು. ಕಾಲಲ್ಲಿ ಶಕ್ತಿಯೇ ಇಲ್ಲ, ಎದ್ದು ನಿಲ್ಲೋಕೆ ಆಗುತ್ತಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಯುಗಾದಿ ಅಂತ ಒಂದು ಸಲದ್ದು ಬಿಟ್ಟಿದ್ದರು. ಬಿಸಿಲು ಜಾಸ್ತಿ ಅಂತ ಮಧ್ಯಾಹ್ನ ಎರಡು ಎಳನೀರು ಬೇರೆ ಕುಡಿದಿದ್ದರು. ಎಳನೀರಲ್ಲಿ ಪೊಟ್ಯಾಸಿಯಂ ಎಷ್ಟಿರುತ್ತೆ ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ.

ನಾಡಿ 42. ಇಸಿಜಿ ತೆಗೆದೆ. ಪಿ ವೇವ್ ಎಲ್ಲೂ ಕಾಣುತ್ತಿಲ್ಲ. ಕ್ಯೂಆರ್‌ಎಸ್ ಅಗಲವಾಗಿದೆ, ಸಣ್ಣ ಚೌಕ ಎಣಿಸಿದರೆ ನಾಲ್ಕೂವರೆ, ಅಂದರೆ 180 ಮಿಲಿಸೆಕೆಂಡ್. ನನಗೆ ಪೊಟ್ಯಾಸಿಯಂ ಹೊಳೆಯಲಿಲ್ಲ ಅಂತ ತಿಳ್ಕೊಬೇಡಿ. ಹೊಳೆಯಿತು. ಹೊಳೆದು, ಟಿ ವೇವ್ ಹುಡುಕಿದೆ. ಪುಸ್ತಕದಲ್ಲಿ ಇರುವ ಹಾಗೆ ಕಿರಿದಾದ ಬುಡದ, ಎರಡೂ ಕಡೆ ಒಂದೇ ಥರ ಏರಿ ಇಳಿಯುವ ಚೂಪು ಟಿ ಒಂದು ಲೀಡ್‌ನಲ್ಲೂ ಇರಲಿಲ್ಲ. ಹಾಗಾಗಿ ಪೊಟ್ಯಾಸಿಯಂ ಅಲ್ಲ ಅಂತ ಹೊಡೆದು ಹಾಕಿ, ‘ಹಾರ್ಟ್ ಬ್ಲಾಕ್?’ ಅಂತ ಬರೆದೆ.

ನಮ್ಮ ಸೀನಿಯರ್ ಸಿಸ್ಟರ್ ಕೇಳಿದರು: ‘ಡಾಕ್ಟ್ರೇ, ಡಯಾಲಿಸಿಸ್ ತಪ್ಸಿದಾರೆ. ಕ್ಯಾಲ್ಸಿಯಂ ರೆಡಿ ಮಾಡ್ಲಾ?’

‘ಟಿ ವೇವ್ ನಾರ್ಮಲ್ ಇದೆ ಸಿಸ್ಟರ್, ರಿಪೋರ್ಟ್ ಬರಲಿ’ ಅಂದೆ.

ಈ ಒಂದು ಮಾತಿನಲ್ಲಿ ಎಷ್ಟು ತಪ್ಪುಗಳಿವೆ ಅಂತ ಈಗಲೂ ಎಣಿಸುತ್ತಿರುತ್ತೇನೆ. ಮೊದಲನೆಯದು, ಚೂಪು ಟಿ ಇಲ್ಲದಿದ್ದರೆ ಪೊಟ್ಯಾಸಿಯಂ ಜಾಸ್ತಿ ಇಲ್ಲ ಅಂತ ಯಾವ ಪುಸ್ತಕವೂ ಹೇಳಿಲ್ಲ, ಪಟ್ಟಿಯನ್ನು ತಿರುಗಿಸಿ ಓದಿದ್ದು ನಾನು. ಎರಡನೆಯದು, ರಿಪೋರ್ಟ್‌ಗೆ ಕಾಯ್ದದ್ದು. ಕೆಳಗಿನ ಲ್ಯಾಬ್‌ನಿಂದ ಬರೋಕೆ ಮುಕ್ಕಾಲು ಗಂಟೆ ಬೇಕು. ಮೇಲಿನ ಐಸಿಯುನಲ್ಲಿ ಬ್ಲಡ್ ಗ್ಯಾಸ್ ಮಷೀನ್ ಇತ್ತು, ಎರಡು ಮೂರು ನಿಮಿಷದಲ್ಲಿ ಪೊಟ್ಯಾಸಿಯಂ ಕೂಡ ತೋರಿಸುತ್ತೆ, ಅದಕ್ಕೆ ಸಿರೆಯ ರಕ್ತವೇ ಸಾಕು. ನೆನಪಾಗಲೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಇಂಥ ರೋಗಿಗೆ ಕ್ಯಾಲ್ಸಿಯಂ ಕೊಟ್ಟು ನನ್ನ ಊಹೆ ತಪ್ಪಾಗಿದ್ದರೂ ದೊಡ್ಡ ನಷ್ಟ ಏನೂ ಆಗುತ್ತಿರಲಿಲ್ಲ. ಕೊಡದೆ ತಪ್ಪಾದರೆ ಜೀವ ಹೋಗುತ್ತೆ. ಈ ಲೆಕ್ಕ ಹಾಕೋಕೆ ಇಸಿಜಿ ಓದೋದೂ ಬೇಕಿಲ್ಲ.

ನಾನು ಏನು ಮಾಡಿದೆ? ಅಟ್ರೋಪಿನ್ ಕೊಟ್ಟೆ, ನಾಡಿ ಕದಲಲಿಲ್ಲ. ಪೇಸ್‌ಮೇಕರ್ ಹಾಕೋಕೆ ಕಾರ್ಡಿಯಾಲಜಿಗೆ ಫೋನ್ ಮಾಡುತ್ತಾ ನಿಂತೆ. ಅಷ್ಟರಲ್ಲಿ ಮಾನಿಟರ್‌ನಲ್ಲಿ ಕ್ಯೂಆರ್‌ಎಸ್ ಇನ್ನೂ ಅಗಲವಾಗುತ್ತಾ ಹೋಗಿ, ಟಿ ವೇವ್ ಜೊತೆ ಬೆರೆತು, ಮಕ್ಕಳು ಬರೆಯುವ ನೀರಿನ ಅಲೆ ಥರ ಆಯಿತು. ಅದಕ್ಕೆ ಸೈನ್ ವೇವ್ ಅಂತಾರೆ, ನಿಮ್ಮ ಪಟ್ಟಿಯ ಕೊನೇ ಸಾಲು. 12:20ಕ್ಕೆ ಹೃದಯ ನಿಂತಿತು.

ಎದೆ ಒತ್ತೋಕೆ ಶುರು ಮಾಡಿದೆವು. ಸಿಸ್ಟರ್ ನನ್ನನ್ನು ಕೇಳಲೇ ಇಲ್ಲ, 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂಎಲ್‌ನ ಮೂರು ಆಂಪ್ಯೂಲ್ ಆಗಲೇ ಒಡೆದು ಸಿರಿಂಜ್‌ಗೆ ತುಂಬಿಟ್ಟಿದ್ದರು. ಅದು ಒಳಗೆ ಹೋದಮೇಲೆ ನಾಲ್ಕನೇ ನಿಮಿಷಕ್ಕೆ ನಾಡಿ ಬಂತು, ಕ್ಯೂಆರ್‌ಎಸ್ ನಮ್ಮ ಕಣ್ಣೆದುರೇ ಕಿರಿದಾಯಿತು. ಲ್ಯಾಬ್‌ನವರು ಫೋನ್ ಮಾಡಿದ್ದು ಅದಾದಮೇಲೆ: ಪೊಟ್ಯಾಸಿಯಂ 8.1. ಅವರು ಬದುಕಿದರು. ಆದರೆ ಪಕ್ಕೆಲುಬು ಮುರಿದಿತ್ತು, ಎರಡು ದಿನ ವೆಂಟಿಲೇಟರ್‌ನಲ್ಲಿದ್ದರು. ಅದಷ್ಟೂ ನಾನು ಕಾಯ್ದ ಮುಕ್ಕಾಲು ಗಂಟೆಯ ಖರ್ಚು.

ಈಗ ನಿಮ್ಮ ಪ್ರಶ್ನೆ. ಬಾಯಿಪಾಠ ಬೇಡ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಹಾಗಾಗುತ್ತೆ ಅಂತ ಒಂದು ಸಲ ಕೂತು ನೋಡಿ. ಹೃದಯದ ಜೀವಕೋಶದ ಒಳಗೆ ಸುಮಾರು ಮೈನಸ್ 90 ಮಿಲಿವೋಲ್ಟ್ ಇರುತ್ತೆ. ಹೊರಗೆ ಪೊಟ್ಯಾಸಿಯಂ ಜಾಸ್ತಿಯಾದರೆ ಆ ಮೈನಸ್ ಕಡಿಮೆಯಾಗುತ್ತೆ. ಸೋಡಿಯಂ ಚಾನೆಲ್‌ಗಳು ಮತ್ತೆ ಕೆಲಸಕ್ಕೆ ಸಿದ್ಧವಾಗೋಕೆ ಆ ಮೈನಸ್ ಬೇಕೇ ಬೇಕು, ಇಲ್ಲದಿದ್ದರೆ ಬಹಳಷ್ಟು ಚಾನೆಲ್‌ಗಳು ಮುಚ್ಚಿಯೇ ಇರುತ್ತವೆ. ಆಗ ಕರೆಂಟ್ ಹೃದಯದಲ್ಲಿ ನಿಧಾನವಾಗಿ ತೆವಳುತ್ತೆ. ಪಿ ವೇವ್ ಮಾಯವಾಗೋದು, ಪಿಆರ್ ಉದ್ದವಾಗೋದು, ಕ್ಯೂಆರ್‌ಎಸ್ ಅಗಲವಾಗೋದು ಎಲ್ಲ ಇದರಿಂದ. ಚೂಪು ಟಿ ಬರೋದು ಇದರಿಂದ ಅಲ್ಲ. ಪೊಟ್ಯಾಸಿಯಂ ಜಾಸ್ತಿ ಇದ್ದಾಗ ಜೀವಕೋಶ ಬೇಗ ಬೇಗ ಮರುಚಾರ್ಜ್ ಆಗುತ್ತೆ, ಅದಕ್ಕೆ ಟಿ ಕಿರಿದಾಗಿ ಚೂಪಾಗುತ್ತೆ. ಎರಡೂ ಬೇರೆ ಬೇರೆ ಕೆಲಸ. ಪುಸ್ತಕದಲ್ಲಿ ಮೆಟ್ಟಿಲಿನ ಥರ ಬರೆದಿರುತ್ತಾರೆ, ಮೊದಲು ಟಿ, ಆಮೇಲೆ ಪಿ, ಆಮೇಲೆ ಕ್ಯೂಆರ್‌ಎಸ್ ಅಂತ. ರೋಗಿಗಳು ಆ ಮೆಟ್ಟಿಲು ಹತ್ತಿ ಬರಲ್ಲ. ಒಬ್ಬರಿಗೆ 6.5ಕ್ಕೇ ಟಿ ಚೂಪಾಗುತ್ತೆ. ಇನ್ನೊಬ್ಬರ ಇಸಿಜಿ, ಅದರಲ್ಲೂ ಹಳೇ ಕಿಡ್ನಿ ಕಾಯಿಲೆಯವರದು, 7ರ ಮೇಲೆ ಹೋದರೂ ಹೆಚ್ಚುಕಮ್ಮಿ ಸರಿಯಾಗೇ ಇರುತ್ತೆ.

ಉಳಿದವೂ ಹೀಗೇ. ಪೊಟ್ಯಾಸಿಯಂ ಕಡಿಮೆಯಾದರೆ ಮರುಚಾರ್ಜ್ ನಿಧಾನ, ಹಾಗಾಗಿ ಟಿ ಚಪ್ಪಟೆ, ಅದರ ಹಿಂದೆ ಯು. ಕ್ಯಾಲ್ಸಿಯಂ ಕಡಿಮೆಯಾದರೆ ಮಧ್ಯದ ಎಸ್‌ಟಿ ಭಾಗ ಮಾತ್ರ ಎಳೆದುಕೊಂಡು ಕ್ಯೂಟಿ ಉದ್ದವಾಗುತ್ತೆ, ಟಿ ತನ್ನಷ್ಟಕ್ಕೆ ಇರುತ್ತೆ.

ಈಗ ನಾನು ಮಾಡೋದು ಇಷ್ಟು. ಕಿಡ್ನಿ ಕಾಯಿಲೆಯವರು, ಇಸಿಜಿ ನಿಧಾನ ಮತ್ತು ಅಗಲ, ಅಂದಮೇಲೆ ರಿಪೋರ್ಟ್‌ಗೆ ಕಾಯಲ್ಲ. ಮಾನಿಟರ್ ನೋಡುತ್ತಾ 10 ಎಂಎಲ್ ಕ್ಯಾಲ್ಸಿಯಂ ಗ್ಲುಕೊನೇಟ್ ಎರಡು ಮೂರು ನಿಮಿಷದಲ್ಲಿ ಕೊಡುತ್ತೇನೆ. ಐದು ನಿಮಿಷದಲ್ಲಿ ಇಸಿಜಿ ಬದಲಾಗದಿದ್ದರೆ ಮತ್ತೆ ಕೊಡುತ್ತೇನೆ. ಅದು ಪೊಟ್ಯಾಸಿಯಂ ಒಂದು ಚೂರೂ ಇಳಿಸಲ್ಲ, ಹೃದಯಕ್ಕೆ ಅರ್ಧದಿಂದ ಒಂದು ಗಂಟೆ ಸಮಯ ಕೊಡಿಸುತ್ತೆ ಅಷ್ಟೇ. ಕ್ಯೂಆರ್‌ಎಸ್ ಕಿರಿದಾಯಿತು ಅಂತ ಖುಷಿಪಟ್ಟು ಕೂತರೆ ಮತ್ತೆ ಅಗಲವಾಗುತ್ತೆ. ಆ ಸಮಯದಲ್ಲೇ 10 ಯೂನಿಟ್ ಇನ್ಸುಲಿನ್ ಜೊತೆ 25% ಡೆಕ್ಸ್‌ಟ್ರೋಸ್ 100 ಎಂಎಲ್ ಕೊಟ್ಟು, ಸಾಲ್ಬುಟಮಾಲ್ ನೆಬ್ಯುಲೈಸೇಶನ್ ಹಾಕಬೇಕು. ಆಮೇಲೆ ಕೆಲವು ಗಂಟೆ ತಪ್ಪದೆ ಸಕ್ಕರೆ ನೋಡುತ್ತಿರಬೇಕು, ಕಿಡ್ನಿಯವರಲ್ಲಿ ಇನ್ಸುಲಿನ್ ಬೇಗ ಇಳಿಯಲ್ಲ. ಇವೆಲ್ಲ ಪೊಟ್ಯಾಸಿಯಂ ಅನ್ನು ಜೀವಕೋಶದ ಒಳಗೆ ತಳ್ಳುತ್ತವೆ ಅಷ್ಟೇ, ಮೈಯಿಂದ ಹೊರಗೆ ಹಾಕೋದು ಡಯಾಲಿಸಿಸ್. ಹಾಗಾಗಿ ಮೊದಲ ಸಿರಿಂಜ್ ಮುಗಿಯುವ ಮೊದಲೇ ಡಯಾಲಿಸಿಸ್‌ನವರಿಗೆ ಫೋನ್ ಹೋಗಿರಬೇಕು.

ಪರೀಕ್ಷೆಗೆ ಪಟ್ಟಿ ಬರೆದು ಬನ್ನಿ, ಮಾರ್ಕ್ಸ್ ಸಿಗುತ್ತೆ. ಆ ಇಸಿಜಿಯ ಒಂದು ಪ್ರತಿ ಹೆಸರು ಹರಿದು ಇಟ್ಟುಕೊಂಡಿದ್ದೇನೆ, ಹೊಸ ಇಂಟರ್ನ್‌ಗಳು ಬಂದಾಗ ತೋರಿಸುತ್ತೇನೆ. ಹೆಚ್ಚಿನವರು ಹಾರ್ಟ್ ಬ್ಲಾಕ್ ಅಂತಾರೆ. ಹೋದ ತಿಂಗಳು ಒಬ್ಬಳು ಮಾತ್ರ ಕಾಗದ ನೋಡೋದು ಬಿಟ್ಟು ‘ಸರ್, ಇವ್ರ ಕಿಡ್ನಿ ಹೇಗಿದೆ?’ ಅಂದಳು.